ಪದ ಬೇಕಿದೆ: ‘ಟು ಡಿಗ್ರಿ ಆಫ್ ಫ್ರೀಡಂ’ ನಿಯಂತ್ರಣ

ಅನುವಾದಕಿ: ನಿಯಂತ್ರಣ ಎಂಜಿನಿಯರಿಂಗ್ ಪಾಠವೊಂದು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೇಲಿನ ಪದಕ್ಕೆ ‘ದ್ವಿಸ್ವಾತಂತ್ರ್ಯಕೋಟಿ’ ಎಂದು ಬರೆದಿದ್ದೆ. ಸಂಪಾದಕರು ಅಂಚಿನಲ್ಲಿ ‘ಕೋಟಿ ಎಂದರೆ ನೂರು ಲಕ್ಷ!’ ಎಂದು ಗೀಚಿದ್ದಾರೆ. ಬೇರೆ ಪದವಿದೆಯೇ?

ಯಂತ್ರಪ್ರಿಯ: ಸುಲಭ. ನಾನು ರೋಬೋಟ್ ತೋಳುಗಳೊಂದಿಗೆ ಕೆಲಸ ಮಾಡುವವನು. ಎರಡು ಕೀಲುಗಳಿದ್ದರೆ ‘ಎರಡು ಚಲನದಿಕ್ಕು’ ಎನ್ನುತ್ತೇವೆ.

ಹಳೆಯ ಮೇಷ್ಟ್ರು: ಇಲ್ಲಿ ಏನೂ ಚಲಿಸುತ್ತಿಲ್ಲ, ಕೀಲೂ ಇಲ್ಲ. ಒಂದನ್ನು ಕೆಡಿಸದೆ ಇನ್ನೊಂದನ್ನು ತಿದ್ದಬಹುದಾದ ಪ್ರತಿಕ್ರಿಯೆಗಳು ಎಷ್ಟು ಎಂಬುದೇ ಇಲ್ಲಿನ ಎಣಿಕೆ. ಪ್ಲಾಂಟ್, ಅಂದರೆ ನಾವು ನಿಯಂತ್ರಿಸುವ ವ್ಯವಸ್ಥೆ, 1/s ಇರಲಿ; ನಿಯಂತ್ರಕದ ಗುಣಕಗಳು Kp = 2, Ki = 1 ಇರಲಿ:

```
u = Kp(b·r − y) + Ki∫(r − y)dt
```

ಇಲ್ಲಿ r ಗುರಿ, y ಅಳತೆ, u ಪ್ಲಾಂಟ್‌ಗೆ ಕೊಡುವ ಆಜ್ಞೆ, b ಗುರಿಯ ತೂಕ. b = 1 ಇಟ್ಟು ಗುರಿಯನ್ನು ಒಮ್ಮೆಲೇ ಏರಿಸಿದರೆ y ಸುಮಾರು 13.5% ಮೀರಿಹೋಗಿ ಮತ್ತೆ ಇಳಿಯುತ್ತದೆ. b = 0.5 ಇಟ್ಟರೆ ಮೀರದೆ ಗುರಿ ಸೇರುತ್ತದೆ. b = 0 ಆದರೂ ಮೀರುವುದಿಲ್ಲ, ಆದರೆ ತೀರ ಮಂದ. ಇನ್ನು ಪ್ಲಾಂಟ್‌ನ ಪ್ರವೇಶದಲ್ಲಿ, u ಜೊತೆಗೆ, ಒಂದು ಏಕಮಾನದ ಅಡಚಣೆ ಬೀಳಲಿ: ಮೂರೂ ಸಂದರ್ಭಗಳಲ್ಲಿ y ಸುಮಾರು 0.37ರಷ್ಟು ಸರಿದು, ಒಂದೇ ವೇಗದಲ್ಲಿ ಹಿಂದಿರುಗುತ್ತದೆ. b ಗುರಿಯನ್ನು ಮಾತ್ರ ಮುಟ್ಟುತ್ತದೆ, y ಸುತ್ತುವ ಕುಣಿಕೆಯೊಳಗೆ ಕಾಲಿಡುವುದಿಲ್ಲ. ಹಾಗಾಗಿ ಮೊದಲು Kp, Ki ಗಳನ್ನು ಅಡಚಣೆಗೆ ತಕ್ಕಂತೆ ಹೊಂದಿಸಿ, ಆಮೇಲೆ b ಯಿಂದ ಗುರಿಯ ಹಿಂಬಾಲಿಕೆಯನ್ನು ತಿದ್ದುತ್ತಾರೆ.

ಅಚ್ಚಗನ್ನಡ: ಗುರಿಗೊಂದು ದಾರಿ, ಅಳತೆಗೊಂದು ದಾರಿ. ಹಾಗಾದರೆ ‘ಇಬ್ಬಟ್ಟೆ ಹಿಡಿತ’! ಬಟ್ಟೆ ಎಂದರೆ ಹಳಗನ್ನಡದಲ್ಲಿ ದಾರಿ. ‘ಇರ್’ ಸೇರಿದರೆ ಇಬ್ಬಟ್ಟೆ. ಸಂಸ್ಕೃತದ ಹೊರೆ ಏಕೆ?

ಹಳೆಯ ಮೇಷ್ಟ್ರು: ಅರ್ಧ ಸರಿ. b = 1 ಇದ್ದಾಗಲೂ ಕಾಗದದ ಮೇಲೆ ಎರಡು ದಾರಿ ಬಿಡಿಸಬಹುದು, ಆದರೆ ಎರಡರಲ್ಲೂ ಇರುವುದು ಒಂದೇ ನಿಯಂತ್ರಕ. ಆಗ ಸ್ವಾತಂತ್ರ್ಯ ಒಂದೇ. ದಾರಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಲ್ಲದೆ ಸಂಪಾದಕರು ಕೋಟಿಯಲ್ಲಿ ಹಣ ಕಂಡರು, ನಿಮ್ಮ ಬಟ್ಟೆಯಲ್ಲಿ ಸೀರೆ ಕಾಣುತ್ತಾರೆ.

ಅಚ್ಚಗನ್ನಡ: ‘ಪ್ಲಾಂಟ್’ ಎಂದು ಬರೆಯುವವರಿಂದ ಕನ್ನಡದ ಪಾಠ ಬೇಡ.

ಹಳೆಯ ಮೇಷ್ಟ್ರು: ಬಸ್ ಹತ್ತುವಾಗ ನೀವು ಏನನ್ನುತ್ತೀರೋ?

ಯಂತ್ರಪ್ರಿಯ: ಹಾಗಿದ್ದರೆ ಬದಲಾವಣೆಯ ವೇಗಕ್ಕೆ ಸ್ಪಂದಿಸುವ ಡಿ ಪದಕ್ಕೂ ಇಂಥದೇ ತೂಕ ಬೇಕಲ್ಲವೇ? ಗುರಿ ಬದಲಿಸಿದಾಗಲೆಲ್ಲ ನಮ್ಮ ಮೋಟಾರು ಒದೆಯುತ್ತದೆ.

ಹಳೆಯ ಮೇಷ್ಟ್ರು: ಬೇಕು. ಅಲ್ಲಿ ಗುರಿಯ ತೂಕವನ್ನು ಸೊನ್ನೆ ಮಾಡಿ, ಅಳತೆಯ ಮೇಲೆ ಮಾತ್ರ ಡಿ ಇರಲಿ.

ಅನುವಾದಕಿ: ‘ಎರಡು ಸ್ವಾತಂತ್ರ್ಯಗಳ ನಿಯಂತ್ರಣ’ ಎಂದು ಹಾಕುತ್ತಿದ್ದೇನೆ, ಕೋಟಿಯೂ ಇಲ್ಲ, ಬಟ್ಟೆಯೂ ಇಲ್ಲ. ಸೆಟ್‌ಪಾಯಿಂಟ್‌ಗೆ ‘ಗುರಿ’ ಸಾಕೇ?

ಅಚ್ಚಗನ್ನಡ: ಗುರಿ ಒಪ್ಪಿಗೆ. ಸ್ವಾತಂತ್ರ್ಯಕ್ಕೆ ನನ್ನ ಒಪ್ಪಿಗೆಯಿಲ್ಲ.