ಸಹಾಯ ಬೇಕು: ತಿಂಗಳ ಪಾಸ್ ಮಾಡಸ್ಲ್ಯೋ, ದಿನಾ ಟಿಕೆಟ್ ತಗೊಳ್ಲ್ಯೋ?

ನಮಸ್ಕಾರ್ರೀ. ನಾನು ಧಾರವಾಡದಿಂದ ದಿನಾ ಬಸ್ಸಿನ್ಯಾಗ ಹುಬ್ಬಳ್ಳಿಗೆ ಕೆಲಸಕ್ಕ ಹೋಗಾಂವ. ಲೆಕ್ಕ ಸುಲಭ ಆಗ್ಲಿ, ಟಿಕೆಟ್ 30, ಪಾಸ್ 1,200 ರೂಪಾಯಿ ಅಂತ ಹಿಡೀರಿ. 40 ಸಲ ಹತ್ತಿದ್ರ ಸರಿಸಮ.

ತಿಂಗಳಿಗೆ 24 ದಿನ ಕೆಲಸ, ಹೋಗಿಬಂದು 48 ಸಲ, ಅಂದ್ಮ್ಯಾಲ ಪಾಸೇ ಲಾಭ ಅನ್ಕೊಂಡಿದ್ದೆ. ಅಂಗಿ ಕಿಸೇದಾಗ ಮುದ್ದಿಯಾಗಿದ್ದ ಟಿಕೆಟ್ ಬಿಡಿಸಿ ಎಣಿಸಿದ್ರ ಹೋದ ತಿಂಗಳು ಬರೇ 37! ಸಂಜೀಕ 9 ಸಲ ಗೆಳೆಯಾನ ಬೈಕ್ ಹತ್ತಿದ್ದೆ, ಒಂದಿನ ರಜಾ. ಪಾಸ್ ಇದ್ದಿದ್ರ 90 ರೂಪಾಯಿ ಲುಕ್ಸಾನ. ಅದರ ಹಿಂದಿನ ತಿಂಗಳು ಮಳಿ, ಬೈಕ್ ಇಲ್ಲ. 44 ಸಲ, ಪಾಸ್ ಇದ್ದಿದ್ರ 120 ಉಳೀತಿತ್ತು.

ಪಾಸ್ ಮಾಡಿಸಿದವರು ಹೇಳ್ರಿ: ಅವಧಿ ಮಾಡಿಸಿದ ದಿನದಿಂದ 30 ದಿನಾನೋ, ತಿಂಗಳ ಕೊನೀತನಕಾನೋ? ಮಾಡಿಸಿದ ದಿನದಿಂದ ಅಂದ್ರ ದಸರಾ ರಜಾ ಮುಗಿಸೇ ಶುರು ಮಾಡ್ತೀನಿ.