ಪದಚರ್ಚೆ: ಒಂದೇ ಬಿಲ್ಲು ಎರಡು ಸಲ ಪಾಸಾದರೆ ಅದಕ್ಕೆ ಏನೆನ್ನೋಣ?

ಬದಿಯಡ್ಕದಿಂದ, ಪ್ರಶ್ನೆ ಕೇಳಿದವಳು:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಸಹಕಾರಿ ಸಂಘದ ಇಂಟರ್ನಲ್ ಆಡಿಟ್ ವರದಿಯನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ನಿರ್ದೇಶಕರಲ್ಲಿ ಜಾಸ್ತಿ ಜನ ಅಡಿಕೆ ಕೃಷಿಕರು, ಓದಿದರೆ ಕನ್ನಡದಲ್ಲೇ ಓದುವವರು. ನಾಲ್ಕು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಡೂಪ್ಲಿಕೇಟ್ ಪೇಮೆಂಟ್. ಹಳೆಯ ಕರಡಿನಲ್ಲಿ ಯಾರೋ ‘ಮರುಪಾವತಿ’ ಅಂತ ಬರೆದಿದ್ದರು. ಅದನ್ನು ಓದಿದ ಒಬ್ಬರು ನಿರ್ದೇಶಕರು, “ಒಳ್ಳೆಯದಾಯ್ತಲ್ಲ, ದುಡ್ಡು ವಾಪಸ್ ಬಂತಾ?” ಅಂತ ಕೇಳಿದರಂತೆ! ‘ನಕಲಿ ಪಾವತಿ’ ಅಂದರೆ ಕಳ್ಳ ಬಿಲ್ಲು ಅಂತಾಗುತ್ತದೆ. ‘ಇಮ್ಮಡಿ ಪಾವತಿ’ ಅಂದರೆ ನೂರರ ಬಿಲ್ಲಿಗೆ ಇನ್ನೂರು ಕೊಟ್ಟ ಹಾಗೆ. ನನ್ನ ಜೊತೆ ಕೆಲಸ ಮಾಡುವ ಮಲಯಾಳಿ ಗೆಳತಿ ‘ಇರಟ್ಟಿಪ್ಪ್’ ಅಂದು ಒಂದೇ ಮಾತಲ್ಲಿ ಮುಗಿಸುತ್ತಾಳೆ, ನಮಗೆ ಅಂಥದ್ದು ಇಲ್ಲವಾ?

ಎರಡನೆಯದು ವೆಂಡರ್. ‘ಮಾರಾಟಗಾರ’ ಅಂದರೆ ಸಂತೆಯಲ್ಲಿ ಕೂತವರ ಹಾಗೆ ಕೇಳುತ್ತದೆ. ಮೂರನೆಯದು ಎಕ್ಸೆಪ್ಶನ್ ರಿಪೋರ್ಟ್, ಅಂದರೆ ಮತ್ತೊಮ್ಮೆ ನೋಡಬೇಕಾದ ಎಂಟ್ರಿಗಳ ಪಟ್ಟಿ. ನಿಘಂಟು ನೋಡಿ ‘ಅಪವಾದ ವರದಿ’ ಅಂತ ಹಾಕಿದೆ. ಆಮೇಲೆ ಓದಿದರೆ ಯಾರ ಮೇಲೋ ಅಪವಾದ ಹೊರಿಸಿದ ಹಾಗಿದೆ. ನಾಲ್ಕನೆಯದು ಕಂಟಿನ್ಯೂಯಸ್ ಆಡಿಟಿಂಗ್.

ಹೊಸಂಗಡಿಯಿಂದ:

ಅಕ್ಕ, ನನಗೂ ಹೀಗೇ ಆಗಿದೆ. ಹೋದ ತಿಂಗಳು ಕರೆಂಟು ಬಿಲ್ಲು ಫೋನಿನಲ್ಲಿ ಕಟ್ಟುವಾಗ ನೆಟ್ ಹೋಯಿತು, ಮತ್ತೆ ಒತ್ತಿದೆ, ಎರಡು ಸರ್ತಿ ಹಣ ಹೋಯಿತು. ಒಂದು ವಾಪಸ್ ಬಂತು. ಮೆಸೇಜಿನಲ್ಲಿ ‘ಮರುಪಾವತಿ’ ಅಂತಲೇ ಇತ್ತು. ಹಾಗಾಗಿ ಆ ಪದ ಸರಿ ಇರಬೇಕು.

ಬದಿಯಡ್ಕದಿಂದ:

ಅಣ್ಣ, ನಿಮಗೆ ಮರುಪಾವತಿ ಆದದ್ದು ವಾಪಸ್ ಬಂದ ಹಣ. ನಾನು ಕೇಳುತ್ತಿರುವುದು ಎರಡನೇ ಸರ್ತಿ ಹೋದ ಹಣಕ್ಕೆ ಏನನ್ನಬೇಕು ಅಂತ.

ಮಂಜೇಶ್ವರದಿಂದ, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು:

ನಾಲ್ಕನೆಯದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಕಾನ್‌ಕರೆಂಟ್ ಆಡಿಟ್ ಅಂತ ಇತ್ತು. ಆಡಿಟರು ಬ್ರಾಂಚಿನಲ್ಲೇ ಕೂತು ಆಗಿಂದಾಗ್ಗೆ ವೋಚರು ನೋಡುವುದು. ಇದೂ ಅದೇ. ‘ಸಮವರ್ತಿ ಲೆಕ್ಕ ಪರಿಶೋಧನೆ’ ಅಂತ ಬರೆಯಿರಿ. ಇನ್ನು ಡಬಲ್ ಪೇಮೆಂಟ್ ವಿಷಯ: ಈಗಿನ ಸಾಫ್ಟ್‌ವೇರ್ ಒಂದೇ ಬಿಲ್ ನಂಬರ್ ಎರಡು ಸಲ ತೆಗೆದುಕೊಳ್ಳುವುದೇ ಇಲ್ಲವಲ್ಲ, ವರದಿಯಲ್ಲಿ ಬಂದದ್ದು ಹೇಗೆ?

ಮಂಗಳೂರಿನಿಂದ (ಊರು ನೀರ್ಚಾಲು), ಇಂಟರ್ನಲ್ ಆಡಿಟ್ ಮಾಡುವವಳು:

ಸರ್, ಅರ್ಧ ಸರಿ. ಸಾಫ್ಟ್‌ವೇರ್ ತಡೆಯುತ್ತದೆ, ಆದರೆ ಬಿಲ್ಲು ಕೊಟ್ಟ ಪಾರ್ಟಿಯ ಕೋಡೂ ಬಿಲ್ ನಂಬರೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಮಾತ್ರ. ನಾನೇ ನೋಡಿದ ಒಂದು ಕೇಸು ಹೇಳುತ್ತೇನೆ, ಪದ ಆರಿಸುವುದಕ್ಕೂ ಉಪಯೋಗವಾದೀತು.

ತಕ್ಕಡಿ ರಿಪೇರಿಯ ಬಿಲ್ಲು. ಕೆಲಸಕ್ಕೆ 41,250, ಅದರ ಮೇಲೆ ಶೇ. 18 ತೆರಿಗೆ 7,425, ಒಟ್ಟು 48,675 ರೂಪಾಯಿ. ಪಾರ್ಟಿಗೆ ಮಂಗಳೂರಿನಲ್ಲೂ ಕಾಸರಗೋಡಿನಲ್ಲೂ ಅಂಗಡಿ. ಹಾಗಾಗಿ ಎರಡು ಜಿಎಸ್‌ಟಿ ನಂಬರು, ಒಂದು ಕರ್ನಾಟಕದ 29ರಿಂದ ಶುರು, ಇನ್ನೊಂದು ಕೇರಳದ 32ರಿಂದ. ನಮ್ಮ ಪುಸ್ತಕದಲ್ಲೂ ಎರಡು ಪಾರ್ಟಿ ಕೋಡು. ಮೊದಲು ಬಿಲ್ಲಿನ ಫೋಟೋ ಫೋನಿಗೆ ಬಂತು, ಅದನ್ನು `SB/0147/23-24` ಅಂತ ಮಂಗಳೂರು ಕೋಡಿನಲ್ಲಿ ಹತ್ತಿಸಿ ಹಣ ಕೊಟ್ಟರು. ಹನ್ನೆರಡು ದಿನ ಕಳೆದು ಅಂಚೆಯಲ್ಲಿ ಅಸಲಿ ಬಿಲ್ಲು ಬಂತು. ಬೇರೆ ಹುಡುಗ ಅದನ್ನು `SB-147` ಅಂತ ಕಾಸರಗೋಡು ಕೋಡಿನಲ್ಲಿ ಹತ್ತಿಸಿದ. ದಿನಾಂಕದ ಜಾಗದಲ್ಲಿ ಅಂಚೆ ಬಂದ ದಿನ ಹಾಕಿದ. ಕೋಡು ಬೇರೆ, ನಂಬರು ಬೇರೆ, ದಿನಾಂಕ ಬೇರೆ. ಸಾಫ್ಟ್‌ವೇರ್ ಪಾಪ ಏನು ಮಾಡೀತು?

ಹಿಡಿದದ್ದು ಹೀಗೆ. 15 ಅಕ್ಷರದ ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡು ಬಿಟ್ಟರೆ ಮುಂದಿನ 10 ಪ್ಯಾನ್. ರಾಜ್ಯ ಬದಲಾದರೂ ಅದು ಬದಲಾಗುವುದಿಲ್ಲ. ಬಿಲ್ ನಂಬರಿನ ಗೆರೆ, ವರ್ಷದ ಬಾಲ, ಮುಂದಿನ ಸೊನ್ನೆ ಎಲ್ಲ ತೆಗೆದರೆ ಎರಡೂ `SB147`. ಪ್ಯಾನ್, ತೊಳೆದ ನಂಬರು, ಒಟ್ಟು ಮೊತ್ತ ಈ ಮೂರನ್ನೂ ಜೋಡಿಸಿ ಒಂದು ಕೀಲಿ ಮಾಡಿದೆವು. ಬಿ ಕಾಲಮ್ಮಿನಲ್ಲಿ ಜಿಎಸ್‌ಟಿ ನಂಬರು, ಸಿಯಲ್ಲಿ ತೊಳೆದದ್ದು, ಡಿಯಲ್ಲಿ ಮೊತ್ತ:

```
=MID(B2,3,10)&"|"&C2&"|"&D2
```

ಒಂದು ಕೀಲಿ ಎರಡು ಸಲ ಬಂದರೆ ಅದು ಪಟ್ಟಿಗೆ ಬೀಳುತ್ತದೆ. ಬಿದ್ದದ್ದೆಲ್ಲ ತಪ್ಪಲ್ಲ, ಅದೂ ನೆನಪಿರಲಿ. ಬಿಲ್ ನಂಬರ್ ಒಂದು ಹಣಕಾಸು ವರ್ಷದೊಳಗೆ ಮಾತ್ರ ಒಂದೇ ಸಲ ಬರಬೇಕು. ವರ್ಷದ ಬಾಲ ಕತ್ತರಿಸಿದ ಮೇಲೆ ಹೋದ ವರ್ಷದ 147 ಈ ವರ್ಷದ 147ರ ಜೊತೆ ಸೇರಿಕೊಳ್ಳುತ್ತದೆ, ಅದಕ್ಕೆ 90 ದಿನದೊಳಗಿನದ್ದನ್ನಷ್ಟೇ ನೋಡಿದೆವು. ಹಾಕಿದ್ದು ತಪ್ಪಾಗಿ ಆಗಲೇ ರದ್ದು ಮಾಡಿದ ಎಂಟ್ರಿಗಳೂ ಬರುತ್ತವೆ, ಅವನ್ನು ಮೊದಲೇ ತೆಗೆಯದಿದ್ದರೆ ಪಟ್ಟಿ ಉದ್ದವಾಗಿ ಯಾರೂ ಓದುವುದಿಲ್ಲ. ಕೊನೆಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು `GSTR-2B`ಯಲ್ಲಿ, ಅಂದರೆ ನಮ್ಮ ಹೆಸರಿಗೆ ಪಾರ್ಟಿಗಳು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯಲ್ಲಿ. ಪಾರ್ಟಿ ತೋರಿಸಿದ್ದು ಒಂದೇ ಬಿಲ್ಲು, ಅದೂ 29ರ ನಂಬರಿನಿಂದ ಕೇರಳಕ್ಕೆ, ಎರಡು ರಾಜ್ಯಗಳ ನಡುವಿನ ಬಿಲ್ಲಿಗಿರುವ ಐಜಿಎಸ್‌ಟಿ ಹಾಕಿ. ನಮ್ಮ ಎರಡನೇ ಎಂಟ್ರಿಯಲ್ಲಿ ಅದೇ 7,425 ಒಂದೇ ರಾಜ್ಯದೊಳಗಿನ ಬಿಲ್ಲಿನ ಹಾಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಪಾಲಾಗಿ ಕೂತಿತ್ತು. ಕೇಳಿದ್ದಕ್ಕೆ ಪಾರ್ಟಿಯವರು, “ಹೌದು, ನಿಮ್ಮ ದುಡ್ಡು ಜಮಾ ಇದೆ, ಮುಂದಿನ ಬಿಲ್ಲಿಗೆ ಹಿಡಿಯೋಣ ಅಂತ ಇದ್ದೆವು” ಅಂದರು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಅದಕ್ಕೇ ‘ನಕಲಿ’ ಬೇಡವೇ ಬೇಡ. ನಮ್ಮ ಆಫೀಸಿನಲ್ಲಿ ‘ಬಿಲ್ಲು ಎರಡು ಸಲ ಪಾಸಾಗಿದೆ’ ಅನ್ನುತ್ತೇವೆ.

ಇನ್ನು ಸಮವರ್ತಿ. ನಿಮ್ಮ ಆಡಿಟರು ಬಂದು ಕೂತು ವೋಚರು ನೋಡುತ್ತಿದ್ದರು. ಇಲ್ಲಿ ಮೇಲಿನ ಕೀಲಿ ದಿನಾ ರಾತ್ರಿ ಎಲ್ಲ ಎಂಟ್ರಿಗಳ ಮೇಲೂ ತನ್ನಷ್ಟಕ್ಕೆ ಓಡುತ್ತದೆ, ಮನುಷ್ಯರು ನೋಡುವುದು ಪಟ್ಟಿಗೆ ಬಿದ್ದದ್ದನ್ನು ಮಾತ್ರ. ಎರಡಕ್ಕೂ ಒಂದೇ ಪದ ಹಾಕಿದರೆ, ಎರಡೂ ಇರುವ ಸಂಘದಲ್ಲಿ ಗೊಂದಲ ಆಗುತ್ತದೆ.

ಮಂಜೇಶ್ವರದಿಂದ:

ಪ್ಯಾನ್ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ರಾತ್ರಿಯೇ ಗೊತ್ತಾಗುವುದಾದರೆ ಬೆಳಿಗ್ಗೆ ಹಣ ಹೋಗದಂತೆ ನೀವೇ ತಡೆಯಬಹುದಲ್ವಾ?

ಮಂಗಳೂರಿನಿಂದ:

ತಡೆಯುವುದು ಅಕೌಂಟ್ಸ್‌ನವರ ಕೆಲಸ ಸರ್. ನಾವೇ ತಡೆಯಲು ಶುರು ಮಾಡಿದರೆ ನಾಳೆ ನಮ್ಮ ಕೆಲಸವನ್ನು ನಾವೇ ಆಡಿಟ್ ಮಾಡಬೇಕಾಗುತ್ತದೆ. ಕೀಲಿಯನ್ನು ಅವರಿಗೇ ಕೊಟ್ಟೆವು, ಅವರು ಪೇಮೆಂಟಿಗೆ ಮೊದಲು ಓಡಿಸುತ್ತಾರೆ. ಓಡಿಸಿದರಾ, ಬಿದ್ದದ್ದನ್ನು ನೋಡಿದರಾ ಅಂತ ನಾವು ನೋಡುತ್ತೇವೆ.

ಪೆರ್ಲದಿಂದ, ಕನ್ನಡ ಕಲಿಸುವ ಮೇಷ್ಟ್ರು:

ಲೆಕ್ಕ ನನಗೆ ತಿಳಿಯದು, ಪದದ ಬಗ್ಗೆ ಹೇಳುತ್ತೇನೆ. ‘ಅಪವಾದ’ ವ್ಯಾಕರಣ ಪಾಠದಲ್ಲಿ ಸರಿ, ನಿಯಮಕ್ಕೆ ಅಪವಾದ ಅಂತ. ಊರಲ್ಲಿ ಅಪವಾದ ಅಂದರೆ ಸುಮ್ನೆ ಬಂದ ಕೆಟ್ಟ ಹೆಸರು. ‘ಗಮನಿಸಬೇಕಾದ ಬಿಲ್ಲುಗಳ ಪಟ್ಟಿ’ ಅನ್ನಿ, ಉದ್ದವಾದರೂ ಜಗಳ ಇಲ್ಲ. ವೆಂಡರಿಗೆ ‘ಪೂರೈಕೆದಾರ’.

ಮಂಗಳೂರಿನಿಂದ:

ಮೇಷ್ಟ್ರೇ, ತಕ್ಕಡಿ ರಿಪೇರಿಯವನು ಏನನ್ನು ಪೂರೈಸಿದ? ‘ಪಾರ್ಟಿ’ಯೇ ಇರಲಿ ಅಂತ ನನ್ನ ವಾದ.

ಬದಿಯಡ್ಕದಿಂದ:

ಕರಡಿನಲ್ಲಿ ‘ಸಂಶಯಾಸ್ಪದ ಪೂರೈಕೆದಾರರು’ ಅಂತ ಒಂದು ತಲೆಬರಹವೂ ಇದೆ ಮಾರಾಯ್ರೇ. ಕೆಳಗೆ ನೋಡಿದರೆ, ಬ್ಯಾಂಕ್ ಖಾತೆಯ ವಿವರ ಬದಲಾಯಿಸಿದವರ ಹೆಸರು ಅಷ್ಟೇ.

ಮಂಜೇಶ್ವರದಿಂದ:

ಅಯ್ಯೋ, ಅದನ್ನು ತೆಗೆಯಿರಿ! 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಸೇರಿದವು. ಆಮೇಲೆ ಐಎಫ್‌ಎಸ್‌ಸಿ ಬದಲಾಯಿತು. ನಮ್ಮ ಕರಾವಳಿಯಲ್ಲಿ ಆ ಎರಡರಲ್ಲಿ ಖಾತೆ ಇಲ್ಲದ ವ್ಯಾಪಾರಿ ಎಷ್ಟು ಜನ? ಎಲ್ಲರೂ ಸಂಶಯಾಸ್ಪದರಾ?

ಮಂಗಳೂರಿನಿಂದ:

ಸರ್ ಹೇಳಿದ್ದು ನಿಜ. ಕೋಡು ಬದಲಾದರೆ ಸಾಲದು. ಖಾತೆ ನಂಬರೇ ಬದಲಾಗಿ, ಒಂದು ವಾರದೊಳಗೆ ದೊಡ್ಡ ಪೇಮೆಂಟ್ ಹೋಗಿ, ಮತ್ತೆ ಹಳೆ ಖಾತೆಗೆ ತಿರುಗಿದ್ದರೆ ಆಗ ಫೋನ್ ಮಾಡಿ ಕೇಳಬೇಕು, ಅದೂ ಪತ್ರದಲ್ಲಿ ಬಂದ ಹೊಸ ನಂಬರಿಗಲ್ಲ, ನಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ. ಅಲ್ಲಿವರೆಗೆ ‘ರೂಢಿಗಿಂತ ಬೇರೆಯಾದ ವಹಿವಾಟು’ ಅಂದರೆ ಸಾಕು. ವಹಿವಾಟಿಗೆ ಅನ್ನಿ, ಮನುಷ್ಯರಿಗೆ ಬೇಡ.

ಬದಿಯಡ್ಕದಿಂದ:

ಸರಿ. ‘ಎರಡು ಸಲ ಪಾವತಿಯಾದ ಬಿಲ್ಲು’, ‘ಗಮನಿಸಬೇಕಾದ ಪಟ್ಟಿ’, ‘ರೂಢಿಗಿಂತ ಬೇರೆಯಾದ ವಹಿವಾಟು’ ಇಷ್ಟು ಹಾಕಿದ್ದೇನೆ. ಪಾರ್ಟಿಯೋ ಪೂರೈಕೆದಾರರೋ ಅಂತ ಇನ್ನೂ ತೀರ್ಮಾನಿಸಿಲ್ಲ. ‘ನಿರಂತರ ಲೆಕ್ಕ ಪರಿಶೋಧನೆ’ ಅಂತ ಬರೆದು ನಮ್ಮ ಮಾವನಿಗೆ ಓದಿ ಹೇಳಿದೆ. “ಅಂದ್ರೆ ಆಡಿಟರು ಇನ್ನು ಹೋಗುವುದೇ ಇಲ್ವಾ?” ಅಂತ ಕೇಳಿದರು. ‘ದಿನವಹಿ ತಪಾಸಣೆ’ ಆದೀತಾ?

ಹೊಸಂಗಡಿಯಿಂದ:

ದಿನವಹಿ ಚೆನ್ನಾಗಿದೆ ಅಕ್ಕ. ಆದರೆ ಅದು ವಾರಕ್ಕೊಮ್ಮೆ ಓಡಿದರೆ?