ಪದಚರ್ಚೆ: ಚಿನ್ನದ ‘ಲೀಸ್ ರೇಟ್’ ಗುತ್ತಿಗೆಯೋ, ಎರವಲೋ, ಕಡವೋ?

ಶ್ಯಾಮಲಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಹಣಕಾಸಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 2025ರ ಜನವರಿಯಲ್ಲಿ ಲಂಡನ್ನಿನ ಚಿನ್ನದ ಪೇಟೆಯಲ್ಲಿ ಆದ ಗಡಿಬಿಡಿ ಅದರ ವಿಷಯ. ಒಂದು ವಾಕ್ಯ ಎರಡು ದಿನಗಳಿಂದ ಕಾಡುತ್ತಿದೆ. ನನ್ನ ಕರಡು ಹೀಗಿದೆ:

‘ಚಿನ್ನದ ಗುತ್ತಿಗೆ ದರ ಏಕಾಏಕಿ ಜಿಗಿಯಿತು, ಮುಂಗಡ ದರ ಸೊನ್ನೆಯ ಆಸುಪಾಸಿಗೆ ಇಳಿಯಿತು, ಇದು ಭೌತಿಕ ಪೂರೈಕೆ ಬಿಗಿಯಾಗಿದೆ ಎಂಬುದರ ಸೂಚನೆ.’

ಇದನ್ನು ಅಮ್ಮನಿಗೆ ಓದಿ ಹೇಳಿದೆ. ‘ಚಿನ್ನವನ್ನು ಗುತ್ತಿಗೆಗೆ ಹಿಡಿದು ಅದರಲ್ಲಿ ಏನು ಬೆಳೆಯುತ್ತಾರೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ‘ಲೀಸ್’ಗೆ ನಿಘಂಟು ಗುತ್ತಿಗೆ, ಗೇಣಿ, ಭೋಗ್ಯ ಎನ್ನುತ್ತದೆ, ‘ಫಾರ್ವರ್ಡ್’ಗೆ ಮುಂಗಡ. ಇವುಗಳಲ್ಲಿ ಯಾವುದು ಹೊಂದುತ್ತದೆ? ಒಂದು ಏರಿದಾಗ ಇನ್ನೊಂದು ಇಳಿಯುವುದೇಕೆ ಎಂಬುದೂ ನನಗೆ ಅರ್ಥವಾಗಿಲ್ಲ.

ಸೋಮಶೇಖರ, ದಾವಣಗೆರೆ

ಇದಕ್ಕೆ ಇಷ್ಟು ಚಿಂತೆ ಏಕೆ, ಮೇಡಂ? ‘ಗಿರವಿ ಬಡ್ಡಿ’ ಎಂದರೆ ಸಾಕು. ಹೋದ ವರ್ಷ ಮಗಳ ಕಾಲೇಜು ಶುಲ್ಕಕ್ಕೆಂದು ಹೆಂಡತಿಯ ಎರಡು ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟಿದ್ದೆ. ಬಿಡಿಸಲು ಹೋದಾಗ ಅವರು ಹೇಳಿದ ಬಡ್ಡಿಯೇ ಬೇರೆ, ಚೀಟಿಯಲ್ಲಿ ಬರೆದದ್ದೇ ಬೇರೆ. ಅಲ್ಲಿಯೂ ದರ ಏಕಾಏಕಿ ಜಿಗಿದಿತ್ತು!

ಗಣಪತಿ ಭಟ್, ಶಿರಸಿ

ಸೋಮಶೇಖರರೇ, ನೀವು ಹೇಳುವುದು ಚಿನ್ನ ಇಟ್ಟು ದುಡ್ಡು ತರುವ ವಿಷಯ. ಶ್ಯಾಮಲಾ ಅವರದು ಚಿನ್ನವನ್ನೇ ತರುವ ವಿಷಯ. ತಂದವನು ಬಡ್ಡಿ ಕೊಡುವುದು ಚಿನ್ನಕ್ಕೆ, ದುಡ್ಡಿಗಲ್ಲ.

ನನ್ನ ಮತ ‘ಬಾಡಿಗೆ’ಗೆ. ವಸ್ತು ತಂದು, ಬಳಸಿ, ಹಿಂತಿರುಗಿಸಿ, ಬಳಸಿದ ಕಾಲಕ್ಕೆ ಹಣ ಕೊಡುವುದು ಬಾಡಿಗೆಯಲ್ಲದೆ ಮತ್ತೇನು? ಶಾಮಿಯಾನ, ಪಾತ್ರೆ, ಚಿನ್ನ, ಎಲ್ಲವೂ ಒಂದೇ. ಬಾಡಿಗೆ ಏರಿತು ಎಂದರೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನೆಲಮಾಳಿಗೆಯಲ್ಲಿ ಚಿನ್ನ ಖಾಲಿಯಾಯಿತು ಎಂದರ್ಥ. ‘ಭೋಗ್ಯ’ವೂ ಒಳ್ಳೆಯ ಪದವೇ, ಆದರೆ ಅದು ಮನೆಗೆ ಮಾತ್ರ.

ವಾಮನ ಪೈ, ಮಂಗಳೂರು

ಮುಂಬಯಿಯಲ್ಲಿ ಬ್ಯಾಂಕೊಂದರ ಚಿನ್ನದ ವ್ಯವಹಾರ ವಿಭಾಗದಲ್ಲಿ ಹದಿನೇಳು ವರ್ಷ ಕುಳಿತಿದ್ದವನು ನಾನು. ಈ ಎರಡು ದರಗಳು ನನ್ನ ಊಟದ ಹೊತ್ತನ್ನು ಬಹಳ ಸಲ ತಿಂದಿವೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಭಟ್ಟರೇ, ಶಾಮಿಯಾನವನ್ನು ಬಾಡಿಗೆಗೆ ತಂದರೆ ಅದೇ ಶಾಮಿಯಾನ ಹಿಂದಕ್ಕೆ ಹೋಗುತ್ತದೆ. ಚಿನ್ನದಲ್ಲಿ ಹಾಗಾಗುವುದಿಲ್ಲ. ಕೇಂದ್ರ ಬ್ಯಾಂಕೊಂದು ಕೊಟ್ಟ ಗಟ್ಟಿಯನ್ನು ತಂದವನು ಅಂದೇ ಮಾರುತ್ತಾನೆ, ಇಲ್ಲವೇ ಅಕ್ಕಸಾಲಿಗನ ಮೂಸೆಗೆ ಹಾಕುತ್ತಾನೆ. ಅವಧಿ ಮುಗಿದಾಗ ಅವನು ಕೊಡುವುದು ಅಷ್ಟೇ ತೂಕದ, ಅಷ್ಟೇ ಅಪ್ಪಟವಾದ ಬೇರೆ ಚಿನ್ನ. ಈ ಭೇದಕ್ಕೆ ನಮ್ಮ ಮನೆಗಳಲ್ಲೇ ಪದಗಳಿವೆ. ಮದುವೆಗೆ ಹೋಗಲು ನೆರೆಮನೆಯ ಸರ ತಂದರೆ ಅದು ಎರವಲು. ಅದೇ ಸರವನ್ನು ಮರಳಿಸಬೇಕು. ರಾತ್ರಿ ನೆಂಟರು ಬಂದರೆಂದು ನೆರೆಮನೆಯಿಂದ ಎರಡು ಸೇರು ಅಕ್ಕಿ ತಂದರೆ ಅದು ಕಡ; ಮರಳಿಸುವುದು ಬೇರೆ ಅಕ್ಕಿಯನ್ನು. ಚಿನ್ನದ ‘ಲೀಸ್’ ಎಂಬುದು ಹೆಸರಿಗಷ್ಟೇ ಲೀಸ್, ಅದು ನಿಜವಾಗಿ ಕಡ. ಇಂಗ್ಲಿಷಿನವರು ಹೆಸರಿಡುವಾಗ ಎಡವಿದರೆಂದು ನಾವೂ ಎಡವಬೇಕಾಗಿಲ್ಲ.

ಕಡ ಎಂದೊಡನೆ ಬಡ್ಡಿಯನ್ನೂ ಗ್ರಾಂಗಳಲ್ಲಿ ಎಣಿಸಬಹುದು. ಒಂದು ಕಿಲೋ ಚಿನ್ನವನ್ನು ಮೂವತ್ತು ದಿನಕ್ಕೆ ಕಡ ತಂದೆ ಎನ್ನಿ. ವಾರ್ಷಿಕ ದರ ಶೇ 0.2 ಇದ್ದರೆ ಬಡ್ಡಿ ಒಂದು ಗ್ರಾಮಿನ ಆರನೇ ಒಂದು ಭಾಗ; ಅರದ ಪುಡಿಯಲ್ಲೇ ಹೋಗುತ್ತದೆ. ಶೇ 5 ಆದರೆ ನಾಲ್ಕು ಗ್ರಾಮಿಗೂ ಸ್ವಲ್ಪ ಹೆಚ್ಚು, ಅಂದರೆ ಒಂದು ಉಂಗುರ. ಲಂಡನ್ನಿನಲ್ಲಿ ಈ ದರ ಬಹುಕಾಲ ಮೊದಲನೆಯದರ ಆಸುಪಾಸಿನಲ್ಲೇ ಇರುತ್ತದೆ. 2025ರ ಜನವರಿ ಕೊನೆಗೆ ಒಂದು ತಿಂಗಳ ದರ ಶೇ 4 ದಾಟಿತು.

ಇನ್ನು ‘ಫಾರ್ವರ್ಡ್ ರೇಟ್’. ಭಟ್ಟರು ಮನೆಗೆ ಮಾತ್ರ ಎಂದು ಬದಿಗಿಟ್ಟ ‘ಭೋಗ್ಯ’ವೇ ಇದನ್ನು ಬಿಡಿಸಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವವನು ಇಡುಗಂಟು ಕೊಟ್ಟು ಮನೆಯಲ್ಲಿ ಕೂರುತ್ತಾನೆ. ಮಾಲೀಕ ಬಾಡಿಗೆ ಕೇಳುವುದಿಲ್ಲ, ಇವನು ಬಡ್ಡಿ ಕೇಳುವುದಿಲ್ಲ, ಒಂದಕ್ಕೊಂದು ವಜಾ. ಲಂಡನ್ನಿನಲ್ಲಿಯೂ ಒಬ್ಬ ಚಿನ್ನ ಕೊಟ್ಟು ಡಾಲರ್ ಪಡೆಯುತ್ತಾನೆ, ಅವಧಿ ಮುಗಿದ ಮೇಲೆ ಡಾಲರ್ ಕೊಟ್ಟು ಚಿನ್ನ ಹಿಂಪಡೆಯುತ್ತಾನೆ. ಅವನು ಕೊಡಬೇಕಾದದ್ದು ಡಾಲರಿನ ಬಡ್ಡಿ, ಅವನಿಗೆ ಬರಬೇಕಾದದ್ದು ಚಿನ್ನದ ಕಡದ ಬಡ್ಡಿ. ಕಳೆದು ಉಳಿದದ್ದೇ ಫಾರ್ವರ್ಡ್ ದರ. ಆಗ ಡಾಲರಿನ ಬಡ್ಡಿ ಸುಮಾರು ಶೇ 4.3 ಇತ್ತು. ಚಿನ್ನದ್ದು ಶೇ 0.2 ಇದ್ದಾಗ ಶೇ 4.1 ಉಳಿಯುತ್ತದೆ. ಚಿನ್ನದ್ದೂ ಶೇ 4.3 ಆದರೆ ಏನೂ ಉಳಿಯದು, ಅದು ಅಪ್ಪಟ ಭೋಗ್ಯ. ಶೇ 5 ಆದರೆ ಇನ್ನೂ ವಿಚಿತ್ರ: ಸಾಲ ಪಡೆದವನಿಗೇ ಸಾಲ ಕೊಟ್ಟವನು ಮೇಲೆ ಹಣ ತೆರಬೇಕು. ಶ್ಯಾಮಲಾ ಅವರೇ, ಒಂದು ಏರಿದಾಗ ಇನ್ನೊಂದು ಇಳಿಯುವ ಗುಟ್ಟು ಇಷ್ಟೇ.

ಆ ಜನವರಿಯಲ್ಲಿ ಚಿನ್ನದ ಬೆಲೆ ಔನ್ಸಿಗೆ 2,800 ಡಾಲರಿನ ಹತ್ತಿರವಿತ್ತು. ಶೇ 4.1ರ ಲೆಕ್ಕದಲ್ಲಿ, ಒಂದು ತಿಂಗಳ ನಂತರ ಕೊಡುವ ಚಿನ್ನಕ್ಕೆ ಈಗಲೇ ಗೊತ್ತುಮಾಡುವ ಬೆಲೆ ಇಂದಿನದಕ್ಕಿಂತ ಒಂಬತ್ತೂವರೆ ಡಾಲರಿನಷ್ಟು ಹೆಚ್ಚಿರಬೇಕು. ಕಡದ ಬಡ್ಡಿ ಶೇ 5 ಆದರೆ ಅದು ಇಂದಿನ ಬೆಲೆಗಿಂತ ಒಂದೂವರೆ ಡಾಲರಿನಷ್ಟು ಕಡಿಮೆಯಾಗುತ್ತದೆ. ಮುಂದಿನ ತಿಂಗಳ ಚಿನ್ನ ಅಗ್ಗ, ಇವತ್ತಿನದು ದುಬಾರಿ. ತಿಂಗಳು ಕಾದರೆ ಅಗ್ಗಕ್ಕೆ ಸಿಗುತ್ತದೆ ಎಂದು ಗೊತ್ತಿದ್ದರೂ ಇವತ್ತೇ ಬೇಕು ಎನ್ನುವವರು ಪೇಟೆಯಲ್ಲಿ ಇದ್ದಾರೆ ಎಂದರ್ಥ.

ಗಣಪತಿ ಭಟ್, ಶಿರಸಿ

‘ಕಡ’ಕ್ಕೆ ತಲೆಬಾಗಿದೆ. ನಮ್ಮ ಕಡೆ ಅಡಿಕೆಯನ್ನೂ ಕಡ ಕೊಡುತ್ತಾರೆ, ನನಗೇ ಹೊಳೆಯಬೇಕಿತ್ತು. ಆದರೆ ನೆಲಮಾಳಿಗೆ ಖಾಲಿಯಾಯಿತು ಎಂಬ ನನ್ನ ಮಾತು ಸರಿಯಷ್ಟೆ?

ವಾಮನ ಪೈ, ಮಂಗಳೂರು

ಅಲ್ಲ. ಅಲ್ಲಿ ಸುಮಾರು ನಾಲ್ಕು ಲಕ್ಷ ಗಟ್ಟಿಗಳಿವೆ. ಆದರೆ ಅವುಗಳಲ್ಲಿ ಬಹುಪಾಲು ಸರ್ಕಾರಗಳ ಸ್ವತ್ತು, ಕಡ ಕೊಡಲು ಇಟ್ಟದ್ದಲ್ಲ. ಅಮೆರಿಕ ಚಿನ್ನದ ಮೇಲೂ ಆಮದು ಸುಂಕ ಹಾಕಬಹುದು ಎಂಬ ಭಯದಿಂದ ನ್ಯೂಯಾರ್ಕಿನ ಬೆಲೆ ಲಂಡನ್ನಿನದಕ್ಕಿಂತ ಮೇಲೇರಿತು. ನ್ಯೂಯಾರ್ಕಿನಲ್ಲಿ ವಾಯಿದೆ ಮಾರಿಟ್ಟು ಲಂಡನ್ನಿನ ಚಿನ್ನವನ್ನು ನಂಬಿ ಕುಳಿತಿದ್ದವರು ಸುಂಕ ಬರುವ ಮೊದಲೇ ಗಟ್ಟಿಯನ್ನು ಸಾಗಿಸಲು ಓಡಿದರು. ಲಂಡನ್ನಿನ ಗಟ್ಟಿ ಸುಮಾರು ಹನ್ನೆರಡೂವರೆ ಕಿಲೋದ್ದು, ನ್ಯೂಯಾರ್ಕಿನಲ್ಲಿ ಹೆಚ್ಚಾಗಿ ನಡೆಯುವುದು ಒಂದು ಕಿಲೋದ್ದು. ಹಾಗಾಗಿ ಬಹಳಷ್ಟು ಗಟ್ಟಿಗಳು ಸ್ವಿಟ್ಜರ್ಲೆಂಡಿನಲ್ಲಿ ಕರಗಿ, ಮರುಎರಕವಾಗಿ ಸಮುದ್ರ ದಾಟಬೇಕಾಯಿತು. ಅಷ್ಟು ವಾರ ಅವು ಯಾರ ಕೈಗೂ ಸಿಗವು. ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಗಟ್ಟಿ ಹೊರತೆಗೆಯಲು ನಾಲ್ಕರಿಂದ ಎಂಟು ವಾರಗಳ ಸರದಿ ಹತ್ತಿತು. ಕಣಜ ತುಂಬಿಯೇ ಇತ್ತು, ಅಳೆದು ಕೊಡುವ ಬಾಗಿಲು ಕಿರಿದಾಗಿತ್ತು.

ಏಪ್ರಿಲ್ ಆರಂಭದಲ್ಲಿ ಅಮೆರಿಕದ ಸುಂಕದ ಪಟ್ಟಿಯಿಂದ ಗಟ್ಟಿ ಚಿನ್ನಕ್ಕೆ ವಿನಾಯಿತಿ ಸಿಕ್ಕ ಮೇಲೆ ಒತ್ತಡ ಸಡಿಲವಾಯಿತು. ಭೂಮಿಯ ಮೇಲಿನ ಚಿನ್ನ ಆ ಮೂರು ತಿಂಗಳಲ್ಲಿ ಕಡಿಮೆಯಾಗಿರಲಿಲ್ಲವಲ್ಲ.

1999ರ ಸೆಪ್ಟೆಂಬರ್ 26ರ ಕಥೆ ಬೇರೆ. ಯುರೋಪಿನ ಹದಿನೈದು ಕೇಂದ್ರ ಬ್ಯಾಂಕುಗಳು ಚಿನ್ನದ ಮಾರಾಟಕ್ಕೆ ಮಿತಿ ಹಾಕಿಕೊಂಡು, ಕಡ ಕೊಡುವುದನ್ನೂ ಹೆಚ್ಚಿಸುವುದಿಲ್ಲ ಎಂದು ಘೋಷಿಸಿದವು. ಒಂದು ತಿಂಗಳ ದರ ಶೇ 9 ದಾಟಿತು. ಮೇಲಿನ ಲೆಕ್ಕದಲ್ಲಿ ಕಿಲೋಗೆ ಏಳೂವರೆ ಗ್ರಾಂ. ಅಲ್ಲಿ ಬಾಗಿಲು ಕಿರಿದಾದದ್ದಲ್ಲ, ಕಡ ಕೊಡುವವರೇ ಕೈ ಹಿಂದಕ್ಕೆ ಎಳೆದುಕೊಂಡರು. ಮುಂದಿನ ವರ್ಷಗಳ ಚಿನ್ನವನ್ನು ಮೊದಲೇ ಮಾರಿಟ್ಟಿದ್ದ ಘಾನಾದ ಅಶಾಂತಿ ಗೋಲ್ಡ್‌ಫೀಲ್ಡ್ಸ್ ಬೆಲೆ ಏರಿದಾಗ ಮುಳುಗುವ ಹಂತಕ್ಕೆ ಬಂತು. ಗಣಿ ಕಂಪನಿಗೆ ಚಿನ್ನದ ಬೆಲೆ ಏರಿದ್ದೇ ಕಂಟಕವಾದದ್ದು ನೋಡಿ!

ಆದ್ದರಿಂದ ಜಿಗಿತವನ್ನು ಕಂಡೊಡನೆ ‘ಕೊರತೆ’ ಎಂದು ಬರೆಯಬೇಡಿ. ನಾನಾಗಿದ್ದರೆ ಒಂದು ತಿಂಗಳ ದರವನ್ನೂ ಒಂದು ವರ್ಷದ ದರವನ್ನೂ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ತಿಂಗಳದ್ದು ಮಾತ್ರ ಹಾರಿದ್ದರೆ ಸರದಿ ಕರಗುತ್ತದೆ ಎಂದು ಪೇಟೆ ನಂಬಿದೆ. ಎರಡೂ ಏರಿದ್ದರೆ ವಿಷಯ ಆಳಕ್ಕಿಳಿದಿದೆ. ತೊಂದರೆ ಏನೆಂದರೆ, ಲಂಡನ್ನಿನ ಚಿನ್ನದ ಸಂಘ ದಿನವೂ ಪ್ರಕಟಿಸುತ್ತಿದ್ದ ಫಾರ್ವರ್ಡ್ ದರವನ್ನು 2015ರ ಜನವರಿ 30ಕ್ಕೆ ನಿಲ್ಲಿಸಿತು. ಈಗ ಪತ್ರಿಕೆಯಲ್ಲಿ ಕಾಣುವ ಕಡದ ದರ ಯಾರೋ ವ್ಯಾಪಾರಿಗಳ ದರಗಳಿಂದ ಕಳೆದು ತೆಗೆದದ್ದು. ಒಂದೇ ದಿನ ಎರಡು ಕಡೆ ಎರಡು ಅಂಕಿ ಕಂಡರೆ ಬೆರಗಾಗಬೇಡಿ.

ರತ್ನಾಕರ ಶೇಟ್, ನಗರ್ತಪೇಟೆ, ಬೆಂಗಳೂರು

ನಮ್ಮ ಅಂಗಡಿಯಲ್ಲಿ ಇದಕ್ಕೆ ‘ಮೆಟಲ್ ಲೋನ್’ ಎನ್ನುತ್ತೇವೆ. ಬ್ಯಾಂಕಿನಿಂದ ಗಟ್ಟಿ ತರುತ್ತೇವೆ, ಗಡುವಿನೊಳಗೆ ಒಡವೆ ಮಾಡಿ ಮಾರಿ ತೀರಿಸುತ್ತೇವೆ. ತೀರಿಸುವ ದಿನದ ಬೆಲೆಯೇ ಲೆಕ್ಕವಾದ್ದರಿಂದ ನಡುವೆ ಬೆಲೆ ಏರಿದರೂ ಇಳಿದರೂ ನಮಗೆ ನಿದ್ದೆ ಕೆಡುವುದಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಬ್ಯಾಂಕಿನವರು ಹೊಸ ಗಟ್ಟಿಗೆ ಹೇಳಿದ ಬಡ್ಡಿ ಕೇಳಿ ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ಏಕೆಂದು ಕೇಳಿದರೆ ‘ಲಂಡನ್’ ಎಂದಷ್ಟೇ ಉತ್ತರ ಬಂತು. ಇವತ್ತು ಪೈ ಮಾಮ್‌ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪನ ಪ್ರಕಾರವೂ ಇದು ಕಡವೇ. ಅಜ್ಜನ ಕಾಲದಲ್ಲಿ ಪಕ್ಕದ ಅಂಗಡಿಯಿಂದ ಚಿನ್ನ ತಂದರೆ ‘ಕಡ ಇಷ್ಟು ತೊಲ’ ಎಂದೇ ಪುಸ್ತಕದಲ್ಲಿ ಬರೆಯುತ್ತಿದ್ದರಂತೆ.

ಇನ್ನೊಂದು ಮಾತು. ‘ಭೌತಿಕ ಪೂರೈಕೆ’ ಎಂದು ನಮ್ಮ ಬೀದಿಯಲ್ಲಿ ಯಾರೂ ಹೇಳುವುದಿಲ್ಲ. ‘ಗಟ್ಟಿ ಸಿಗುತ್ತಿಲ್ಲ’ ಎನ್ನುತ್ತೇವೆ.

ಸೋಮಶೇಖರ, ದಾವಣಗೆರೆ

ನನ್ನ ಬಳೆಯ ಬಡ್ಡಿಗೂ ಲಂಡನ್ನಿಗೂ ಸಂಬಂಧವಿಲ್ಲ ಎಂದಾಯಿತು. ಸಂಘದವರನ್ನೇ ಕೇಳುತ್ತೇನೆ.

ಶ್ಯಾಮಲಾ, ಮೈಸೂರು

ಎಲ್ಲರಿಗೂ ಋಣಿ. ವಾಕ್ಯವನ್ನು ಹೀಗೆ ತಿದ್ದಿದ್ದೇನೆ:

‘ಲಂಡನ್ನಿನಲ್ಲಿ ಚಿನ್ನದ ಕಡದ ಬಡ್ಡಿ ಏಕಾಏಕಿ ಜಿಗಿಯಿತು, ವಾಯಿದೆ ದರ ಸೊನ್ನೆಯ ಆಸುಪಾಸಿಗೆ ಇಳಿಯಿತು, ಅಲ್ಲಿ ಕೂಡಲೇ ಕೈಗೆ ಸಿಗುವ ಗಟ್ಟಿಗೆ ಅಭಾವವಿತ್ತು.’

‘ಅಲ್ಲಿ’ ಮತ್ತು ‘ಕೂಡಲೇ’ ಎರಡನ್ನೂ ಪೈ ಅವರ ಕಣಜವನ್ನು ನೆನೆದು ಸೇರಿಸಿದ್ದೇನೆ. ‘ಮುಂಗಡ’ವನ್ನು ಕೈಬಿಟ್ಟೆ; ಅದು ಮೊದಲೇ ಕೊಡುವ ದುಡ್ಡು ಎಂದು ಓದುಗರು ತಿಳಿಯುತ್ತಾರೆ.

ವಾಮನ ಪೈ, ಮಂಗಳೂರು

ಮೊದಲ ಮತ್ತು ಕೊನೆಯ ಭಾಗ ಚೆನ್ನಾಗಿವೆ. ‘ವಾಯಿದೆ ದರ’ಕ್ಕೆ ಮಾತ್ರ ನನ್ನ ತಕರಾರು. ವಾಯಿದೆ ಎಂದೊಡನೆ ಓದುಗರು ಅದನ್ನು ಮುಂದಿನ ತಿಂಗಳ ಬೆಲೆ ಎಂದು ತಿಳಿದು, ಚಿನ್ನದ ಬೆಲೆಯೇ ಸೊನ್ನೆಯಾಯಿತೇ ಎಂದು ಗಾಬರಿಯಾಗುತ್ತಾರೆ. ಇದು ಬೆಲೆಯಲ್ಲ, ಶೇಕಡಾವಾರು ಬಡ್ಡಿ.

ಗಣಪತಿ ಭಟ್, ಶಿರಸಿ

‘ಭೋಗ್ಯದ ಬಡ್ಡಿ’ ಎಂದರೆ?

ವಾಮನ ಪೈ, ಮಂಗಳೂರು

ಭೋಗ್ಯದಲ್ಲಿ ಬಡ್ಡಿಯೇ ಇಲ್ಲವಲ್ಲ, ಭಟ್ಟರೇ. ಅದೇ ಅಲ್ಲವೇ ಅದರ ಲಕ್ಷಣ?

ಶ್ಯಾಮಲಾ, ಮೈಸೂರು

ಸದ್ಯಕ್ಕೆ ‘ಫಾರ್ವರ್ಡ್ ದರ’ ಎಂದೇ ಇಡುತ್ತೇನೆ. ಪುಟ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಯಾರಿಗಾದರೂ ಪದ ಹೊಳೆದರೆ ತಿಳಿಸಿ.